‘ದೋಷಪೂರಿತ’ ಎಂದು ಬರೆದು ಕಡತ ಮುಚ್ಚಬೇಡಿ: ನಕಲಿ ಮೆಮೊರಿ ಕಾರ್ಡ್ ಕುರಿತು ಮಾರುಕಟ್ಟೆ ತಾಣಕ್ಕೊಂದು ಬಹಿರಂಗ ಪತ್ರ

ಗೆ,
ಮುಖ್ಯಸ್ಥರು,
ಗ್ರಾಹಕರ ದೂರು ಮತ್ತು ಮಾರಾಟಗಾರರ ಮೇಲ್ವಿಚಾರಣೆ ವಿಭಾಗ,
ಆನ್‌ಲೈನ್ ಮಾರುಕಟ್ಟೆ ತಾಣ.

ವಿಷಯ: 256 ಜಿಬಿ ಎಂದು ಮಾರಾಟವಾದ ಬ್ರ್ಯಾಂಡೆಡ್ ಮೈಕ್ರೊ ಎಸ್‌ಡಿ ಕಾರ್ಡ್ ನಕಲಿಯಾಗಿರುವ ಬಗ್ಗೆ, ಪೂರ್ಣ ಹಣ ವಾಪಸಾತಿ ಹಾಗೂ ಮಾರಾಟಗಾರರ ಮೇಲೆ ಕ್ರಮ ಕೋರಿ.

ಮಾನ್ಯರೇ,

ನಿಮ್ಮ ತಾಣದಲ್ಲಿ ಹೆಸರಾಂತ ಬ್ರ್ಯಾಂಡ್ ಒಂದರ 256 ಜಿಬಿ ಮೈಕ್ರೊ ಎಸ್‌ಡಿ ಕಾರ್ಡ್ ಎಂದು ಮಾರಾಟಕ್ಕಿಟ್ಟ ವಸ್ತುವನ್ನು ತರಿಸಿಕೊಂಡೆ. ಬಂದ ಕಾರ್ಡಿನೊಳಗೆ ಸುಮಾರು 32 ಜಿಬಿಯಷ್ಟು ಮಾತ್ರ ಜಾಗವಿದೆ. ಉಳಿದದ್ದೆಲ್ಲ ಸುಳ್ಳು. ದೂರು ಕೊಟ್ಟಾಗ ನಾನು ಬರೆದ ಕಾರಣ ‘ನಕಲಿ ವಸ್ತು’. ನಿಮ್ಮ ಸಿಬ್ಬಂದಿ ಅದನ್ನು ‘ದೋಷಪೂರಿತ ವಸ್ತು’ ಎಂದು ತಿದ್ದಿ, ಅದೇ ಮಾರಾಟಗಾರರಿಂದ ಬದಲಿ ಕಾರ್ಡ್ ಕಳಿಸುವುದಾಗಿ ಹೇಳಿದರು. ಒಂದು ಪದವನ್ನು ತಿದ್ದಿದ್ದು ಸಣ್ಣ ವಿಷಯದಂತೆ ಕಾಣಬಹುದು. ಆದರೆ ಮುಂದಿನದೆಲ್ಲವೂ ಆ ಪದದ ಮೇಲೆಯೇ ನಿಂತಿದೆ. ದೋಷ ಅಂದರೆ ಕಾರ್ಖಾನೆಯಲ್ಲೋ ಸಾಗಣೆಯಲ್ಲೋ ಆದ ಆಕಸ್ಮಿಕ. ವಸ್ತು ಬದಲಾಯಿಸಿಕೊಟ್ಟರೆ ವ್ಯವಹಾರ ಮುಗಿಯಿತು. ನಕಲಿ ಅಂದರೆ ಯಾರೋ ಬೇಕೆಂದೇ ಮಾಡಿದ ಮೋಸ, ಬದಲಿಗೆ ಬರುವುದೂ ಅದೇ ರಾಶಿಯಿಂದ. ನನ್ನ ಕೈಯಲ್ಲಿರುವುದು ಎರಡನೆಯ ಬಗೆಯದು. ಅದು ಹೇಗೆಂದು ನಿಮ್ಮ ತಂತ್ರಜ್ಞರು ತಾವೇ ಪರೀಕ್ಷಿಸಿ ನೋಡಬಹುದಾದಷ್ಟು ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪುಟದಿಂದ ಇದೇ ಕಾರ್ಡ್ ಕೊಂಡು, ಇನ್ನೂ ಏನೂ ಗೊತ್ತಾಗದೆ ಬಳಸುತ್ತಿರುವವರಿಗೂ ಇದು ತಲುಪಲಿ ಎಂಬ ಕಾರಣಕ್ಕೆ ಪತ್ರವನ್ನು ಬಹಿರಂಗವಾಗಿ ಬರೆದಿದ್ದೇನೆ.

ಮೊದಲು ಈ ಮೋಸ ನಡೆಯುವ ಬಗೆ. ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು, ಮಾಹಿತಿ ಉಳಿಯುವ ಫ್ಲ್ಯಾಶ್ ಚಿಪ್. ಇನ್ನೊಂದು, ಅದರ ಲೆಕ್ಕ ನೋಡಿಕೊಳ್ಳುವ ಕಂಟ್ರೋಲರ್. ಕಾರ್ಡನ್ನು ಫೋನಿಗೋ ಕ್ಯಾಮೆರಾಕ್ಕೋ ಹಾಕಿದಾಗ ಆ ಸಾಧನ ಚಿಪ್ಪನ್ನು ಅಳೆದು ನೋಡುವುದಿಲ್ಲ. ‘ನಿನ್ನಲ್ಲಿ ಎಷ್ಟು ಜಾಗವಿದೆ’ ಎಂದು ಕಂಟ್ರೋಲರನ್ನು ಕೇಳುತ್ತದೆ, ಅದು ಹೇಳಿದ್ದನ್ನು ನಂಬುತ್ತದೆ. ಆ ಉತ್ತರ ಬರೆದಿರುವುದು ಸಿಎಸ್‌ಡಿ ಎಂಬ ಪುಟ್ಟ ರಿಜಿಸ್ಟರಿನಲ್ಲಿ. ನಕಲಿ ತಯಾರಿಸುವವರು ಸಣ್ಣ ಚಿಪ್ಪಿನ ಕಾರ್ಡಿನಲ್ಲಿ ಈ ಒಂದು ಸಂಖ್ಯೆಯನ್ನು ದೊಡ್ಡದು ಮಾಡಿ, ಮೇಲೆ ಬ್ರ್ಯಾಂಡಿನ ಹೆಸರು ಮುದ್ರಿಸಿ ಹೊರಬಿಡುತ್ತಾರೆ. ಕಂಟ್ರೋಲರಿನೊಳಗೆ ಹೊಕ್ಕು ಈ ಸಂಖ್ಯೆ ಬದಲಿಸಲು ಅದಕ್ಕೆಂದೇ ಇರುವ ತಯಾರಿಕಾ ತಂತ್ರಾಂಶ ಬೇಕು. ಕಾರ್ಡ್ ಕೆಳಗೆ ಬಿದ್ದರೆ, ಬಿಸಿಲಿಗೆ ಸಿಕ್ಕರೆ, ತೇವ ತಗುಲಿದರೆ ಅದು ಹಾಳಾಗಬಹುದೇ ಹೊರತು 32 ಇದ್ದದ್ದು ತಾನಾಗಿ 256 ಎಂದು ಹೇಳಿಕೊಳ್ಳುವುದಿಲ್ಲ.

ಕೊಂಡವರಿಗೆ ಇದು ತಿಂಗಳುಗಟ್ಟಲೆ ತಿಳಿಯದಿರುವುದಕ್ಕೂ ಕಾರಣವಿದೆ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ, ಅಂದರೆ ಫೈಲ್ ವ್ಯವಸ್ಥೆಯ ಮುಖ್ಯ ಕೋಷ್ಟಕಗಳು, ಕಾರ್ಡಿನ ಆರಂಭದ ಭಾಗದಲ್ಲಿರುತ್ತವೆ. ಅಲ್ಲಿ ನಿಜವಾದ ಚಿಪ್ ಇದೆ, ಹಾಗಾಗಿ ಪಟ್ಟಿ ಸರಿಯಾಗಿಯೇ ಉಳಿಯುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಎಲ್ಲಿಗೂ ಹೋಗುವುದಿಲ್ಲ. ಆದರೂ ಕಂಟ್ರೋಲರ್ ‘ಬರೆದಾಯಿತು’ ಎಂದು ಉತ್ತರಿಸುತ್ತದೆ. ಹೀಗಾಗಿ ಫೋಲ್ಡರ್ ತೆರೆದರೆ ಫೋಟೊಗಳ ಹೆಸರು, ದಿನಾಂಕ, ಗಾತ್ರ ಎಲ್ಲವೂ ಕಾಣುತ್ತವೆ, ತೆರೆಯಲು ಹೋದಾಗ ಮಾತ್ರ ಒಳಗೆ ಏನೂ ಇರುವುದಿಲ್ಲ. ಗಡಿಯ ಮೇಲೆಯೇ ಬಿದ್ದ ಒಂದು ಫೋಟೊ ಸಿಕ್ಕರೆ ಮೋಸ ಕಣ್ಣಿಗೇ ಕಾಣುತ್ತದೆ: ಚಿತ್ರದ ಮೇಲಿನ ಅರ್ಧ ಸ್ಪಷ್ಟವಾಗಿದ್ದು, ಒಂದು ಅಡ್ಡಗೆರೆಯಿಂದ ಕೆಳಗೆ ಬರೀ ಬೂದು ಬಣ್ಣ. ಇನ್ನು ಕೆಲವು ನಕಲಿ ಕಾರ್ಡುಗಳು ಗಡಿ ದಾಟಿದ ಮೇಲೆ ಮತ್ತೆ ಮೊದಲಿನಿಂದ ಬರೆಯತೊಡಗುತ್ತವೆ. ಅವುಗಳಲ್ಲಿ ಹೊಸದರ ಜೊತೆಗೆ ಹಳೆಯದೂ ಹೋಗುತ್ತದೆ. ನನಗೆ ಬಂದಿರುವುದು ಮೊದಲ ಬಗೆಯದು.

ಇನ್ನು ಪರೀಕ್ಷೆ. ನಕಲಿಯೋ ಅಲ್ಲವೋ ಎಂದು ತಿಳಿಯಲು ನಂಬಬಹುದಾದ ದಾರಿ ಒಂದೇ. ಕಾರ್ಡ್ ತುಂಬುವವರೆಗೆ ಗೊತ್ತಿರುವ ಮಾಹಿತಿಯನ್ನು ಬರೆದು, ಅದನ್ನು ಪೂರ್ತಿ ಓದಿ, ಬರೆದದ್ದೇ ಬಂದಿದೆಯೇ ಎಂದು ಹೋಲಿಸುವುದು. ಲಿನಕ್ಸ್‌ನಲ್ಲಿ ಇದಕ್ಕೆ f3 ಎಂಬ ಮುಕ್ತ ತಂತ್ರಾಂಶವಿದೆ, ವಿಂಡೋಸ್‌ನಲ್ಲಿ H2testw ಇದೆ. ಎರಡೂ ಉಚಿತ. ಖಾಲಿ ಕಾರ್ಡನ್ನು ರೀಡರಿಗೆ ಹಾಕಿ ಮೊದಲ ಆದೇಶ ಕೊಟ್ಟರೆ f3 ಒಂದೊಂದು ಜಿಬಿಯ ಫೈಲುಗಳನ್ನು 1.h2w, 2.h2w ಎಂದು ಸಾಲಾಗಿ ಬರೆಯುತ್ತ ಹೋಗುತ್ತದೆ. ಬರೆದು ಮುಗಿದ ಮೇಲೆ ಕಾರ್ಡನ್ನು ಸುರಕ್ಷಿತವಾಗಿ ಹೊರತೆಗೆದು ಮತ್ತೆ ಹಾಕಬೇಕು. ಈ ಹೆಜ್ಜೆ ಬಿಟ್ಟರೆ ಕಂಪ್ಯೂಟರ್ ತನ್ನ ನೆನಪಿನಲ್ಲಿ ಉಳಿಸಿಕೊಂಡದ್ದನ್ನೇ ಓದಿ ಹೇಳುವ ಸಾಧ್ಯತೆ ಇರುತ್ತದೆ. ಆಮೇಲೆ ಎರಡನೆಯ ಆದೇಶ.

```
f3write /media/card
f3read /media/card
```

ಈ ಕಾರ್ಡಿಗೆ ಬರೆಯಲು ಸುಮಾರು ಆರು ಗಂಟೆ, ಓದಲು ಸುಮಾರು ನಾಲ್ಕು ಗಂಟೆ ಹಿಡಿಯಿತು. ಫಲಿತಾಂಶದ ಮುಖ್ಯ ಸಾಲುಗಳು ಇವು. ನಾಲ್ಕು ಅಂಕಣಗಳು ಕ್ರಮವಾಗಿ ಸರಿಯಿರುವ, ಕೆಟ್ಟಿರುವ, ತುಸು ಬದಲಾದ ಮತ್ತು ಮೇಲೆ ಇನ್ನೊಂದು ಬರೆಯಲ್ಪಟ್ಟ ಸೆಕ್ಟರುಗಳ ಲೆಕ್ಕ. ಒಂದು ಸೆಕ್ಟರ್ ಎಂದರೆ 512 ಬೈಟ್.

```
29.h2w ... 2097152/       0/  0/  0
30.h2w ... 1048576/ 1048576/  0/  0
31.h2w ...       0/ 2097152/  0/  0
  Data OK: 29.50 GB (61865984 sectors)
Data LOST: 208.50 GB (437256192 sectors)
```

ಇಲ್ಲಿ ಒಟ್ಟು 238 ಬರುತ್ತದೆಯಲ್ಲ, 256 ಏಕಿಲ್ಲ ಎಂದು ಕೇಳುವವರಿದ್ದಾರೆ. ಅದು ಮೋಸವಲ್ಲ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ಈ ತಂತ್ರಾಂಶ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗೆ ಎಣಿಸಿದರೆ ಅಸಲಿ 256 ಜಿಬಿ ಕಾರ್ಡೂ 238ರ ಆಸುಪಾಸಿನಲ್ಲೇ ತೋರಿಸುತ್ತದೆ. ಆ ವ್ಯತ್ಯಾಸದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ 238ರಲ್ಲಿ ಕಳೆದುಹೋದ 208.50ರ ಬಗ್ಗೆ.

ದಯವಿಟ್ಟು 30ನೆಯ ಫೈಲಿನ ಸಾಲನ್ನು ಇನ್ನೊಮ್ಮೆ ನೋಡಿ. ನನ್ನ ದೂರಿನ ತಿರುಳು ಅಲ್ಲಿದೆ. ಅದಕ್ಕೂ ಹಿಂದಿನ ಇಪ್ಪತ್ತೊಂಬತ್ತು ಫೈಲುಗಳಲ್ಲಿ ಒಂದೇ ಒಂದು ಸೆಕ್ಟರ್ ಕೆಟ್ಟಿಲ್ಲ. ಅದರ ಮುಂದಿನವುಗಳಲ್ಲಿ ಒಂದೇ ಒಂದು ಸೆಕ್ಟರ್ ಸರಿಯಿಲ್ಲ. ಬದಲಾವಣೆ ಆಗಿರುವುದು 30ನೆಯ ಫೈಲಿನ ನಟ್ಟನಡುವೆ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ನಿಜವಾಗಿ ದೋಷವಿರುವ ಅಥವಾ ಸವೆದುಹೋದ ಅಸಲಿ ಕಾರ್ಡ್ ಹೀಗೆ ನಡೆದುಕೊಳ್ಳುವುದಿಲ್ಲ. ಅದರಲ್ಲಿ ಕೆಟ್ಟ ಸೆಕ್ಟರುಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ, ಬರೆಯುವಾಗಲೋ ಓದುವಾಗಲೋ ಸಾಧನ ದೋಷ ಸಂದೇಶ ಕೊಡುತ್ತದೆ, ಇಲ್ಲವೇ ಇಡೀ ಕಾರ್ಡ್ ‘ಓದಲು ಮಾತ್ರ’ ಎಂಬ ಸ್ಥಿತಿಗೆ ಹೋಗಿಬಿಡುತ್ತದೆ. ಇಲ್ಲಿ ಬರೆಯುವ ಅಷ್ಟೂ ಹೊತ್ತಿನಲ್ಲಿ ಒಂದೂ ದೋಷ ಸಂದೇಶ ಬಂದಿಲ್ಲ. ಇಲ್ಲದ ಜಾಗಕ್ಕೆ 208 ಜಿಬಿ ಬರೆದರೂ ಕಾರ್ಡ್ ಚಕಾರ ಎತ್ತಲಿಲ್ಲ. ರೀಡರಿನ ತಪ್ಪಿರಬಹುದೇ ಎಂಬ ಅನುಮಾನ ಉಳಿಯದಿರಲಿ ಎಂದು ಬೇರೊಂದು ರೀಡರಿನಲ್ಲಿ, ಬೇರೊಂದು ಕಂಪ್ಯೂಟರಿನಲ್ಲಿ ಪರೀಕ್ಷೆಯನ್ನು ಮತ್ತೆ ನಡೆಸಿದ್ದೇನೆ. ಸರಿಯಿರುವ ಭಾಗ ಮತ್ತೆ 61865984 ಸೆಕ್ಟರುಗಳಿಗೇ ನಿಂತಿತು. ಅದೇ ಎರಡು ರೀಡರುಗಳಲ್ಲಿ ಅಸಲಿ ಎಂದು ಖಚಿತವಿರುವ ಇನ್ನೊಂದು ಕಾರ್ಡನ್ನು ಪರೀಕ್ಷಿಸಿದಾಗ ಒಂದೂ ಸೆಕ್ಟರ್ ಕಳೆದುಹೋಗಿಲ್ಲ.

ವೇಗದ ಬಗ್ಗೆ ಒಂದು ಮಾತು. ಕಾರ್ಡಿನ ಮೇಲೆ V30 ಗುರುತಿದೆ. ಆ ಗುರುತಿನ ಕಾರ್ಡ್ ನಿಗದಿತ ಪರಿಸ್ಥಿತಿಯಲ್ಲಿ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ವೇಗದಲ್ಲಿ ಒಂದೇ ಸಮನೆ ಬರೆಯಬೇಕು. ಇದು 12ರ ಆಸುಪಾಸಿನಲ್ಲಿ ಬರೆದಿದೆ. ಆದರೂ ವೇಗವೊಂದನ್ನೇ ಪುರಾವೆ ಎಂದು ನಾನು ಮುಂದಿಡುವುದಿಲ್ಲ. ರೀಡರ್ ಹಳೆಯದಾಗಿದ್ದರೆ ಅಸಲಿ ಕಾರ್ಡೂ ನಿಧಾನವಾಗಬಹುದು. ಅದಕ್ಕಿಂತ ಗಟ್ಟಿಯಾದ ಇನ್ನೊಂದು ಗುರುತಿದೆ. ಪ್ರತಿ ಎಸ್‌ಡಿ ಕಾರ್ಡಿನಲ್ಲಿ ಸಿಐಡಿ ಎಂಬ 16 ಬೈಟಿನ ರಿಜಿಸ್ಟರ್ ಇರುತ್ತದೆ. ತಯಾರಕರ ಸಂಕೇತ, ಕಾರ್ಡಿನ ಹೆಸರು, ಕ್ರಮಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ ಅದರಲ್ಲಿರುತ್ತವೆ. ತಯಾರಕರ ಸಂಕೇತವನ್ನು ಯಾರೂ ತಮಗೆ ಬೇಕಾದ ಹಾಗೆ ಹಾಕಿಕೊಳ್ಳುವಂತಿಲ್ಲ. ಎಸ್‌ಡಿ ಕಾರ್ಡುಗಳ ಪರವಾನಗಿ ನೋಡಿಕೊಳ್ಳುವ ಎಸ್‌ಡಿ-3ಸಿ ಸಂಸ್ಥೆ ಅದನ್ನು ಒಬ್ಬೊಬ್ಬ ತಯಾರಕರಿಗೆ ಹಂಚುತ್ತದೆ. ಯುಎಸ್‌ಬಿ ರೀಡರಿನಲ್ಲಿ ಹಾಕಿದರೆ ಸಾಮಾನ್ಯವಾಗಿ ಈ ವಿವರ ಸಿಗುವುದಿಲ್ಲ, ಲ್ಯಾಪ್‌ಟಾಪಿನದೇ ಎಸ್‌ಡಿ ಕಿಂಡಿಯಲ್ಲಿ ಹಾಕಿ ನೋಡಬೇಕು. ಲಿನಕ್ಸ್‌ನಲ್ಲಿ ಆದೇಶ ಹೀಗೆ:

```
cd /sys/block/mmcblk0/device
cat manfid oemid name serial date
```

ಈ ಕಾರ್ಡಿನಲ್ಲಿ manfid ಜಾಗದಲ್ಲಿ 0x000000, oemid ಜಾಗದಲ್ಲಿ 0x0000 ಬಂದಿದೆ. ತಯಾರಕರ ಗುರುತು ಇರಬೇಕಾದಲ್ಲಿ ಬರೀ ಸೊನ್ನೆ. ಬ್ರ್ಯಾಂಡಿನ ಅಸಲಿ ಕಾರ್ಡಿನಲ್ಲಿ ಅವರ ಸಂಕೇತವೇ ಬರುತ್ತದೆ. ಜಾಣ ನಕಲಿಗಾರರು ಅಸಲಿಯ ಸಿಐಡಿಯನ್ನೇ ನಕಲು ಮಾಡಬಲ್ಲರು, ಹಾಗಾಗಿ ಸಿಐಡಿ ಸರಿಯಿದ್ದ ಮಾತ್ರಕ್ಕೆ ಕಾರ್ಡ್ ಅಸಲಿ ಎನ್ನಲಾಗದು. ಆದರೆ ಹೀಗೆ ಸೊನ್ನೆ ಇದ್ದ ಕಾರ್ಡನ್ನು ಆ ಬ್ರ್ಯಾಂಡಿನದು ಎಂದು ವಾದಿಸಲು ದಾರಿಯೇ ಇಲ್ಲ.

ನಿಮ್ಮ ಸಹಾಯ ವಿಭಾಗದಿಂದ ಬಂದ ಮೊದಲ ಸಲಹೆ, ‘ಫಾರ್ಮ್ಯಾಟ್ ಮಾಡಿ ನೋಡಿ’. ಸಾಮಾನ್ಯ ಫಾರ್ಮ್ಯಾಟ್ ಮಾಡಿದಾಗ ಕಾರ್ಡಿನ ಆರಂಭದಲ್ಲಿ ಹೊಸ ಪಟ್ಟಿಯನ್ನು ಬರೆಯಲಾಗುತ್ತದೆ, ಅಷ್ಟೇ. ಉಳಿದ ಜಾಗವನ್ನು ಅದು ಮುಟ್ಟಿಯೂ ನೋಡುವುದಿಲ್ಲ. ಆದ್ದರಿಂದ ನಕಲಿ ಕಾರ್ಡ್ ಪ್ರತಿ ಸಲವೂ ಸುಸೂತ್ರವಾಗಿ ಫಾರ್ಮ್ಯಾಟ್ ಆಗಿ, 256 ಜಿಬಿ ಎಂದೇ ತೋರಿಸುತ್ತದೆ. ಗ್ರಾಹಕ ‘ಸರಿಹೋಯಿತು’ ಅಂದುಕೊಳ್ಳುತ್ತಾನೆ, ಅಷ್ಟರಲ್ಲಿ ವಾಪಸು ಕಳಿಸುವ ಅವಧಿ ಮುಗಿದಿರುತ್ತದೆ. ಈ ಸಲಹೆಯನ್ನು ನಿಮ್ಮ ಸಿಬ್ಬಂದಿಯ ಉತ್ತರಗಳಿಂದ ತೆಗೆದುಹಾಕಿ.

ಎರಡನೆಯದಾಗಿ ಕೇಳಿದ್ದು ಕಾರ್ಡಿನ ಮತ್ತು ಪೊಟ್ಟಣದ ಫೋಟೊ. ಕೊಟ್ಟಿದ್ದೇನೆ. ಫೋಟೊ ನೋಡಿದ ಸಿಬ್ಬಂದಿ ‘ಪ್ಯಾಕಿಂಗ್ ಸರಿಯಾಗಿದೆ’ ಎಂದರು. ಹೌದು, ಸರಿಯಾಗಿಯೇ ಇದೆ. ಪೊಟ್ಟಣ ಮುದ್ರಿಸುವುದು ಈ ದಂಧೆಯಲ್ಲಿ ತೀರ ಸುಲಭದ ಕೆಲಸ. ಅಕ್ಷರ ತುಸು ಮಂಕಾಗಿದೆಯೇ, ಹಿಂಬದಿಯಲ್ಲಿ ಕ್ರಮಸಂಖ್ಯೆ ಇದೆಯೇ ಎಂದು ನೋಡಿ ಸಂಶಯ ಪಡಬಹುದು, ತೀರ್ಮಾನಕ್ಕೆ ಬರಲಾಗದು. ಕಾರ್ಡಿನ ಒಳಗಿನ ಸುಳ್ಳನ್ನು ಹೊರಗಿನ ಫೋಟೊದಲ್ಲಿ ಹುಡುಕಿದರೆ ಸಿಗುವುದಿಲ್ಲ. ನಾನು ಲಗತ್ತಿಸಿದ್ದ f3read ವರದಿಯನ್ನು ಮಾತ್ರ ‘ನಮ್ಮ ವ್ಯವಸ್ಥೆಯಲ್ಲಿ ಪರಿಗಣಿಸಲು ಅವಕಾಶವಿಲ್ಲ’ ಎಂದು ಬದಿಗಿಟ್ಟರು. ಕೊನೆಗೆ, ಇದು ನಕಲಿ ಎಂದು ಬ್ರ್ಯಾಂಡಿನವರಿಂದ ಪತ್ರ ತನ್ನಿ ಎಂದರು. ಯಾವ ಕಾರ್ಡನ್ನು ತಾವು ತಯಾರಿಸಿಯೇ ಇಲ್ಲವೋ ಅದರ ಬಗ್ಗೆ ಬಿಡಿ ಗ್ರಾಹಕನಿಗೆ ಪತ್ರ ಬರೆದುಕೊಡುವ ಏರ್ಪಾಡು ಎಲ್ಲ ತಯಾರಕರಲ್ಲಿ ಇರುವುದಿಲ್ಲ. ಆ ಪತ್ರ ಬರುವ ಹೊತ್ತಿಗೆ ನಿಮ್ಮ ಗಡುವೂ ದಾಟಿರುತ್ತದೆ. ಬ್ರ್ಯಾಂಡಿನ ಜೊತೆ ವ್ಯವಹಾರ ಇರುವುದು ನಿಮಗೆ, ನನಗಲ್ಲ. ಆ ಪ್ರಶ್ನೆಯನ್ನು ನೀವು ಕೇಳಬೇಕು.

‘ಈ ಪುಟಕ್ಕೆ ಒಳ್ಳೆಯ ರೇಟಿಂಗ್ ಇದೆ’ ಎಂಬ ಉತ್ತರವೂ ಬಂತು. ಈ ವಸ್ತುವಿನ ಮಟ್ಟಿಗೆ ರೇಟಿಂಗ್ ಏಕೆ ನಂಬಲಾಗದು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಡ್ ಕೊಂಡವರು ಅಭಿಪ್ರಾಯ ಬರೆಯುವುದು ಬಹುತೇಕ ಮೊದಲ ಕೆಲವು ದಿನಗಳಲ್ಲಿ. ಆಗ ಅದರಲ್ಲಿ ಐದೋ ಹತ್ತೋ ಜಿಬಿ ತುಂಬಿರುತ್ತದೆ. ಮೊದಲ 29.50 ಜಿಬಿ ನಿಜವಾಗಿಯೂ ಕೆಲಸ ಮಾಡುವುದರಿಂದ ಅವರು ಪ್ರಾಮಾಣಿಕವಾಗಿಯೇ ‘ಚೆನ್ನಾಗಿದೆ’ ಎಂದು ಬರೆಯುತ್ತಾರೆ. ಗಡಿ ದಾಟುವುದು ತಿಂಗಳುಗಳ ಮೇಲೆ. ಆಗ ಫೋಟೊ ತೆರೆಯದಿದ್ದರೆ ಫೋನಿನ ತಪ್ಪು, ಕ್ಯಾಮೆರಾದ ತಪ್ಪು ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಹೀಗೆ ಮೋಸ ಹೋದವರ ಒಳ್ಳೆಯ ಮಾತೇ ಮುಂದಿನವರಿಗೆ ಶಿಫಾರಸಾಗುತ್ತದೆ. ಜೊತೆಗೆ, ಒಂದೇ ಪುಟದಲ್ಲಿ ಹಲವು ಮಾರಾಟಗಾರರು ಮಾರುವ ನಿಮ್ಮ ಏರ್ಪಾಡಿನಲ್ಲಿ, ಅಸಲಿ ಕಾರ್ಡ್ ಕೊಟ್ಟ ಒಬ್ಬ ಮಾರಾಟಗಾರ ಗಳಿಸಿದ ನಕ್ಷತ್ರಗಳು ನಕಲಿ ಕೊಟ್ಟವನ ಹೆಸರಿನ ಪಕ್ಕದಲ್ಲೂ ಹೊಳೆಯುತ್ತವೆ.

ಇದೇ ಕಾರಣಕ್ಕೆ ಮಾರಾಟಗಾರರ ವಿಷಯದಲ್ಲೂ ಆತುರ ಬೇಡ ಎಂದು ಕೋರುತ್ತೇನೆ. ಕ್ರಮ ಬೇಕು, ಆದರೆ ಸರಿಯಾದವರ ಮೇಲೆ ಬೇಕು. ಗೋದಾಮಿನಲ್ಲಿ ಒಂದೇ ಬಾರ್‌ಕೋಡಿನ ಸರಕನ್ನು ಬೇರೆ ಬೇರೆ ಮಾರಾಟಗಾರರಿಂದ ಪಡೆದು ಒಟ್ಟಿಗೆ ಇಟ್ಟಿದ್ದರೆ, ಬಿಲ್ಲಿನಲ್ಲಿ ಹೆಸರಿರುವವರು ಒಬ್ಬರು, ಕಾರ್ಡ್ ತಂದು ಸುರಿದವರು ಇನ್ನೊಬ್ಬರು ಆಗಿರಬಹುದು. ನನ್ನ ಆರ್ಡರಿಗೆ ಹೋದ ಕಾರ್ಡ್ ಯಾವ ಪೆಟ್ಟಿಗೆಯಿಂದ ತೆಗೆದದ್ದು, ಆ ಪೆಟ್ಟಿಗೆ ಯಾರ ಹೆಸರಿನಲ್ಲಿ ಯಾವ ದಿನ ಒಳಬಂತು ಎಂಬುದನ್ನು ನಿಮ್ಮ ಗೋದಾಮಿನ ದಾಖಲೆ ಹೇಳಬೇಕು. ಹೇಳಲಾಗದಿದ್ದರೆ ಅದೇ ಮೊದಲು ಸರಿಪಡಿಸಬೇಕಾದ ಕೊರತೆ.

ಈಗ ನನ್ನ ಕೋರಿಕೆಗಳು. ವಸ್ತುವಿನ ಬೆಲೆ ಮತ್ತು ಸಾಗಣೆ ಶುಲ್ಕ ಎರಡನ್ನೂ ನಾನು ಪಾವತಿಸಿದ ಖಾತೆಗೇ ಹಿಂತಿರುಗಿಸಿ. ಬದಲಿ ಕಾರ್ಡ್ ಬೇಡ, ನಿಮ್ಮ ತಾಣದಲ್ಲೇ ಖರ್ಚು ಮಾಡಬೇಕಾದ ವ್ಯಾಲೆಟ್ ಹಣವೂ ಬೇಡ. ದೂರಿನ ಕಾರಣವನ್ನು ನಾನು ಮೊದಲು ಬರೆದಂತೆ ‘ನಕಲಿ’ ಎಂದೇ ದಾಖಲಿಸಿ, ಗ್ರಾಹಕರ ಒಪ್ಪಿಗೆಯಿಲ್ಲದೆ ಈ ಕಾರಣವನ್ನು ಬದಲಿಸುವ ಅಧಿಕಾರವನ್ನು ಸಿಬ್ಬಂದಿಯಿಂದ ತೆಗೆಯಿರಿ. ‘ದೋಷ’ ಎಂದು ದಾಖಲಾದ ನೂರು ದೂರುಗಳು ಒಬ್ಬ ಮಾರಾಟಗಾರನ ಖಾತೆಯಲ್ಲಿ ನೂರು ಆಕಸ್ಮಿಕಗಳಾಗಿ ಕಾಣುತ್ತವೆ. ‘ನಕಲಿ’ ಎಂದು ದಾಖಲಾಗಿದ್ದರೆ ಮೂರು ದೂರುಗಳೇ ತನಿಖೆಗೆ ಸಾಕಾಗುತ್ತಿದ್ದವು.

ಈ ಕಾರ್ಡ್ ಬಂದ ಪೆಟ್ಟಿಗೆಯ ಉಳಿದ ಸರಕನ್ನು ಮಾರಾಟದಿಂದ ತಡೆದು, ಅದರಿಂದ ಕೆಲವನ್ನು ತೆಗೆದು ಪರೀಕ್ಷಿಸಿ. ಇದಕ್ಕೆ ಹತ್ತು ಗಂಟೆ ಕಾಯಬೇಕಿಲ್ಲ. f3 ಜೊತೆಯಲ್ಲೇ ಬರುವ f3probe ಕಾರ್ಡಿನ ಆಯ್ದ ಜಾಗಗಳಲ್ಲಿ ಮಾತ್ರ ಬರೆದು ಓದಿ, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ನಿಜವಾದ ಗಾತ್ರ ಹೇಳುತ್ತದೆ. ಅದು ಕಾರ್ಡಿನಲ್ಲಿರುವುದನ್ನು ಅಳಿಸಬಹುದು, ಆದರೆ ಗೋದಾಮಿನ ಹೊಸ ಕಾರ್ಡಿನಲ್ಲಿ ಅಳಿಯುವಂಥದ್ದು ಏನೂ ಇರುವುದಿಲ್ಲ. ಸಾಧನದ ಹೆಸರು ಮಾತ್ರ ಎರಡು ಸಲ ನೋಡಿ ಬರೆಯಬೇಕು, ತಪ್ಪಿದರೆ ಕಂಪ್ಯೂಟರಿನ ಬೇರೆ ಡಿಸ್ಕ್ ಅಳಿಸಿಹೋದೀತು.

```
sudo f3probe --destructive --time-ops /dev/sdX
```

ಇದರಲ್ಲಿ ಸಂಶಯ ಉಳಿದ ಕಾರ್ಡಿಗೆ ಮಾತ್ರ ಪೂರ್ತಿ ಬರೆದು ಓದುವ ಪರೀಕ್ಷೆ ಮಾಡಿದರಾಯಿತು. ನಕಲಿ ಎಂದು ಖಚಿತವಾದ ಸರಕನ್ನು ಒಳತಂದ ಮಾರಾಟಗಾರರಿಂದ ಖರೀದಿಯ ಬಿಲ್ಲುಗಳನ್ನು ತರಿಸಿ, ಅವು ಅಧಿಕೃತ ವಿತರಕರವರೆಗೆ ಕೊಂಡಿ ತಪ್ಪದೆ ಹೋಗುತ್ತವೆಯೇ ಎಂದು ನೋಡಿ. ಅಲ್ಲಿಯವರೆಗೆ ಅವರ ಮೆಮೊರಿ ಕಾರ್ಡ್ ಮಾರಾಟವನ್ನೂ ಅವರಿಗೆ ಸಲ್ಲಬೇಕಾದ ಹಣವನ್ನೂ ತಡೆಹಿಡಿಯಿರಿ. ಕೊಂಡಿ ಸಿಗದಿದ್ದರೆ ಖಾತೆ ಮುಚ್ಚಿ, ಹೊಸ ಹೆಸರಿನಲ್ಲಿ ಮತ್ತೆ ತೆರೆಯದಂತೆ ಬ್ಯಾಂಕ್ ಖಾತೆ ಮತ್ತು ವಿಳಾಸದ ಮಟ್ಟದಲ್ಲಿ ತಡೆಯಿರಿ.

ಎಲ್ಲಕ್ಕಿಂತ ತುರ್ತಿನದು ಇನ್ನೊಂದಿದೆ. ಇದೇ ಸರಕಿನಿಂದ ಈಗಾಗಲೇ ಕಾರ್ಡ್ ಪಡೆದವರಿಗೆಲ್ಲ ಸಂದೇಶ ಕಳಿಸಿ. ಅವರ ಮಗುವಿನ ಫೋಟೊ, ಮದುವೆಯ ವಿಡಿಯೊ, ಕಚೇರಿಯ ಕಡತ ಇವತ್ತೂ ಆ ಇಲ್ಲದ ಜಾಗಕ್ಕೆ ಬರೆಯಲ್ಪಡುತ್ತಿರಬಹುದು. ಹಾಗೆ ಹೋದದ್ದನ್ನು ಯಾವ ರಿಕವರಿ ತಂತ್ರಾಂಶವೂ ಮರಳಿ ತರಲಾರದು, ಏಕೆಂದರೆ ಅದು ಎಲ್ಲಿಯೂ ಬರೆದೇ ಇಲ್ಲ. ಆ ಸಂದೇಶದಲ್ಲಿ ಮೂರು ಮಾತು ಸಾಕು: ಕಾರ್ಡಿಗೆ ಇನ್ನು ಏನನ್ನೂ ಬರೆಯಬೇಡಿ, ತೆರೆಯುವ ಫೈಲುಗಳನ್ನು ಇಂದೇ ಬೇರೆಡೆಗೆ ನಕಲಿಸಿಕೊಳ್ಳಿ, ಅವಧಿ ಮುಗಿದಿದ್ದರೂ ಹಣ ವಾಪಸು ಕೊಡುತ್ತೇವೆ.

ನನ್ನಿಂದ ವಾಪಸು ಪಡೆಯುವ ಕಾರ್ಡ್ ‘ತೆರೆದ ಪೊಟ್ಟಣ’ ಎಂಬ ಹೆಸರಿನಲ್ಲಿ ಇನ್ನೊಬ್ಬರ ಕೈ ಸೇರಬಾರದು. ತನಿಖೆಗೆ ಬೇಕಾದಷ್ಟು ಕಾಲ ಇಟ್ಟುಕೊಂಡು, ಆಮೇಲೆ ನಾಶಪಡಿಸಿ, ನಾಶಪಡಿಸಿದ್ದನ್ನು ಲಿಖಿತವಾಗಿ ತಿಳಿಸಿ. ಕಾರ್ಡನ್ನು ಪೊಟ್ಟಣದ ಸಮೇತ ಮುಚ್ಚಿದ ಲಕೋಟೆಯಲ್ಲಿ ಇಟ್ಟಿದ್ದೇನೆ. ಎರಡೂ ಪರೀಕ್ಷೆಗಳ ಪೂರ್ಣ ವರದಿ, ಸಿಐಡಿಯ ವಿವರ ಮತ್ತು ಪಾರ್ಸೆಲ್ ಬಿಚ್ಚುವಾಗಿನ ವಿಡಿಯೊ ದೂರಿನ ಜೊತೆಯಲ್ಲೇ ಇವೆ. ಕಾರಣವನ್ನು ‘ನಕಲಿ’ ಎಂದು ತಿದ್ದಿದ ದಾಖಲೆಯ ಪ್ರತಿ ನನಗೆ ಬಂದ ದಿನವೇ ಲಕೋಟೆಯನ್ನು ನಿಮ್ಮ ಪ್ರತಿನಿಧಿಗೆ ಒಪ್ಪಿಸುತ್ತೇನೆ.

ಇಂತಿ,
ನಿಮ್ಮ ತಾಣದ ಗ್ರಾಹಕ